ಕಪಿಲ್ ದೇವ್ ಮೈ, ನನ್ನ ಮುಖ

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಒಂದು ಶನಿವಾರ ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ರೊಜೆಕ್ಟರಿನಲ್ಲಿ ಒಂದು ಫೋಟೊ ತೋರಿಸಿದೆ. 1983ರ ಜೂನ್ 25, ಲಾರ್ಡ್ಸ್ ಮೈದಾನದ ಬಾಲ್ಕನಿ, ಕೈಯಲ್ಲಿ ವಿಶ್ವಕಪ್. ಕಪ್ ಹಿಡಿದವರ ಮೈ ಕಪಿಲ್ ದೇವ್‌ದು, ಮುಖ ನನ್ನದು. ಫೋನಿನ ಒಂದು ಆಪ್‌ನಲ್ಲಿ ಅರ್ಧ ನಿಮಿಷದಲ್ಲಿ ಮಾಡಿದ್ದು.

ಮಕ್ಕಳು ನಕ್ಕು ನಕ್ಕು ಸುಸ್ತಾದರು. ನಗು ನಿಂತ ಮೇಲೆ ಕೇಳಿದೆ: "ಇದು ಸುಳ್ಳು ಅಂತ ಹೇಗೆ ಗೊತ್ತಾಯ್ತು?"

ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ನಿಮ್ಮ ತಲೇಲಿ ಅಷ್ಟು ಕೂದಲು ಯಾವಾಗ ಇತ್ತು?" ಎಂದ.

ನನಗೆ ಬೇಕಿದ್ದದ್ದು ಅದೇ ಮಾತು. ಮುಖ ಬದಲಿಸುವ ಆಪ್‌ಗಳು ಸಾಮಾನ್ಯವಾಗಿ ಇಡೀ ತಲೆ ಬದಲಿಸುವುದಿಲ್ಲ. ಕಣ್ಣು, ಮೂಗು, ಬಾಯಿ ಎಲ್ಲಿವೆ ಎಂದು ಗುರುತಿಸಿ, ಹುಬ್ಬಿನಿಂದ ಗದ್ದದವರೆಗಿನ ಭಾಗವನ್ನು ಮುಖವಾಡದ ಹಾಗೆ ಕೂರಿಸುತ್ತವೆ. ಆಮೇಲೆ ಬಣ್ಣ ಹೊಂದಿಸಿ ಅಂಚನ್ನು ಮಸುಕು ಮಾಡುತ್ತವೆ. ಕೂದಲು, ಕಿವಿ, ಕುತ್ತಿಗೆ, ಕೈ, ಬಟ್ಟೆ ಎಲ್ಲ ಮೂಲ ಮನುಷ್ಯನದೇ ಉಳಿಯುತ್ತದೆ. ಹಾಗಾಗಿ ಮುಖವನ್ನೇ ದಿಟ್ಟಿಸಿ ನೋಡಿದರೆ ಸಿಗುವುದು ಕಡಿಮೆ. ಅದರ ಸುತ್ತ ನೋಡಬೇಕು.

ಇದು ನನಗೂ ಮೊದಲೇ ಗೊತ್ತಿದ್ದದ್ದಲ್ಲ. ಅದಕ್ಕೂ ಹಿಂದಿನ ವರ್ಷ ಒಂದು ಪಟ್ಟಿ ಹಿಡಿದು ಪಾಠ ಮಾಡಿದ್ದೆ. ಅದರಲ್ಲಿ ಮೊದಲನೆಯದು "ನಕಲಿ ಮುಖ ಕಣ್ಣು ಮಿಟುಕಿಸುವುದಿಲ್ಲ" ಎಂಬುದು. 2018ರಲ್ಲಿ ಅದು ನಿಜವೇ ಆಗಿತ್ತು. ಆಗಿನ ತಂತ್ರಾಂಶಗಳು ಕಲಿತದ್ದು ಹೆಚ್ಚಾಗಿ ಕಣ್ಣು ತೆರೆದಿರುವ ಫೋಟೊಗಳಿಂದ. ಸಂಶೋಧಕರು ಅದನ್ನು ಹೇಳಿದ ಮೇಲೆ ನಕಲು ಮಾಡುವವರು ಸುಮ್ನೆ ಕೂರುತ್ತಾರಾ? ಸರಿ ಮಾಡಿಕೊಂಡರು. ಪಾಠ ಮುಗಿದು ವಾರ ಕಳೆಯುವುದರೊಳಗೆ ಒಬ್ಬ ಹುಡುಗ ಮನೆಯಲ್ಲಿ ನೋಡಿದ ನಕಲಿ ವಿಡಿಯೊ ಬಗ್ಗೆ ಬಂದು ಹೇಳಿದ. ಅದರಲ್ಲಿ ಆಸಾಮಿ ಚೆನ್ನಾಗಿಯೇ ಕಣ್ಣು ಮಿಟುಕಿಸುತ್ತಿದ್ದನಂತೆ. ಪಟ್ಟಿ ಅವತ್ತೇ ಹರಿದು ಹಾಕಿದೆ.

ಹಾಗಾಗಿ ಈ ಸಲ ಕತ್ತರಿ, ಗೋಂದು ಮತ್ತು ಹಳೆ ಪೇಪರ್‌ಗಳಿಂದ ಶುರು ಮಾಡಿದೆವು. ನಾಲ್ಕು ನಾಲ್ಕು ಮಕ್ಕಳ ಗುಂಪು. ಒಂದು ಫೋಟೊದ ಮುಖ ಕತ್ತರಿಸಿ ಇನ್ನೊಂದರ ಮೇಲೆ ಅಂಟಿಸಬೇಕು, ಬೇರೆ ಗುಂಪಿಗೆ ಗೊತ್ತಾಗಬಾರದು. ಹತ್ತು ನಿಮಿಷದಲ್ಲಿ ಜಗಳ ಶುರುವಾಯಿತು. "ಇದರಲ್ಲಿ ಬಿಸಿಲು ಎಡಗಡೆಯಿಂದ ಬಿದ್ದಿದೆ, ಅದರಲ್ಲಿ ಬಲಗಡೆಯಿಂದ." "ಇವರು ಪಕ್ಕಕ್ಕೆ ತಿರುಗಿದ್ದಾರೆ, ಈ ಮುಖ ಸೇರಲ್ಲ." "ಕುತ್ತಿಗೆ ಕಪ್ಪು, ಮುಖ ಬಿಳಿ." ನಾನು ಏನೂ ಹೇಳಬೇಕಾಗಲಿಲ್ಲ. ಬೆಳಕಿನ ದಿಕ್ಕು, ತಲೆ ತಿರುಗಿದ ಕೋನ, ಕುತ್ತಿಗೆಯ ಬಣ್ಣ, ಮೂರನ್ನೂ ಅವರೇ ಕಂಡುಹಿಡಿದಿದ್ದರು. ಆಪ್‌ಗಳು ಈ ಮೂರರಲ್ಲೂ ನಮಗಿಂತ ಜಾಣ, ಅದು ಬೇರೆ ವಿಷಯ. ಆದರೆ ಎಲ್ಲಿ ಎಡವುತ್ತವೆ ಎಂಬ ಅಂದಾಜು ಕೈಗೆ ಬಂತು.

ಮತ್ತೆ ನನ್ನ ವಿಶ್ವಕಪ್ ಫೋಟೊ ಹಾಕಿ ದೊಡ್ಡದು ಮಾಡಿದೆ. ನಾನು ಕನ್ನಡಕ ಹಾಕುತ್ತೇನೆ, ಆ ಫೋಟೊದಲ್ಲಿ ಕಪಿಲ್ ಹಾಕಿಲ್ಲ. ಆಪ್ ನನ್ನ ಕನ್ನಡಕವನ್ನು ಮೂಗಿನ ಮೇಲೆ ಅರ್ಧ ಮಾತ್ರ ಕೂರಿಸಿತ್ತು, ಅದರ ಕಡ್ಡಿ ಕಿವಿಯವರೆಗೆ ಹೋಗಲೇ ಇಲ್ಲ. ಮೀಸೆಯ ಒಂದು ತುದಿ ಕೆನ್ನೆಯಲ್ಲಿ ಕರಗಿಹೋಗಿತ್ತು.

ಮುಂದಿನದು ಮೂಲ ಹುಡುಕುವ ಕೆಲಸ. ನನ್ನ ಪ್ರಕಾರ ಇಡೀ ಪಾಠದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಚಿತ್ರ ಕೊಟ್ಟರೆ ಅದನ್ನು ಹೋಲುವ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಮೊದಲು ಮುಖವನ್ನಷ್ಟೇ ಕತ್ತರಿಸಿ ಕೊಟ್ಟೆ. ಯಾರ್ಯಾರೋ ಬೋಳುತಲೆ ಗಂಡಸರು ಬಂದರು, ಮಕ್ಕಳಿಗೆ ಇನ್ನೊಂದು ಸುತ್ತು ನಗು. ಆಮೇಲೆ ಮುಖ ಬಿಟ್ಟು ಕಪ್, ಕೈ ಮತ್ತು ಬಾಲ್ಕನಿ ಮಾತ್ರ ಇರುವ ಹಾಗೆ ಕತ್ತರಿಸಿದೆ. ತಕ್ಷಣ 1983ರ ಮೂಲ ಫೋಟೊಗಳು ಸಾಲಾಗಿ ಬಂದವು. ಮುಖ ಸುಳ್ಳಾದಾಗ ಅದನ್ನೇ ಹುಡುಕಿದರೆ ಆ ಮುಖದವರ ಹತ್ತಿರ ಹೋಗುತ್ತೀರಿ. ಮೂಲ ಬೇಕಿದ್ದರೆ ಬಟ್ಟೆ, ಗೋಡೆ, ಬೋರ್ಡು, ಹಿನ್ನೆಲೆ ಹುಡುಕಬೇಕು. ಆದರೆ ಮೂಲ ಫೋಟೊ ಇಂಟರ್ನೆಟ್ಟಿನಲ್ಲಿ ಎಂದೂ ಬಂದಿರದಿದ್ದರೆ, ಯಾರದೋ ಮದುವೆಯ ಫೋಟೊ ಅಂದುಕೊಳ್ಳಿ, ಲೆನ್ಸ್ ಕೈಚೆಲ್ಲುತ್ತದೆ.

ವಿಡಿಯೊಗೆ ಬಂದಾಗ ರಶ್ಮಿಕಾ ಮಂದಣ್ಣ ಅವರ ಪ್ರಕರಣ ಹೇಳಿದೆ. ತೋರಿಸಲಿಲ್ಲ. ಅವರ ಒಪ್ಪಿಗೆಯಿಲ್ಲದ ವಿಡಿಯೊವನ್ನು ಪಾಠಕ್ಕೆಂದು ಮತ್ತೆ ಹಾಕುವುದು ನನಗೆ ಸರಿ ಕಾಣಲಿಲ್ಲ. 2023ರ ನವೆಂಬರ್‌ನಲ್ಲಿ ಹರಡಿದ ಆ ವಿಡಿಯೊ ಲಿಫ್ಟ್ ಒಳಗೆ ಬರುವ ಬೇರೊಬ್ಬ ಹೆಂಗಸಿನದು, ಕೂರಿಸಿದ ಮುಖ ಮಾತ್ರ ರಶ್ಮಿಕಾ ಅವರದು. ಆಕೆ ಅದನ್ನು ಅಕ್ಟೋಬರ್‌ನಲ್ಲೇ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದರು. ಆಕೆ ಲಿಫ್ಟ್ ಒಳಗೆ ಕಾಲಿಡುವ ಮೊದಲ ಕ್ಷಣದಲ್ಲಿ ಮೂಲ ಮುಖವೇ ಕಾಣುತ್ತದೆ, ಆಮೇಲೆ ಸರಕ್ಕನೆ ಬದಲಾಗುತ್ತದೆ. ಮಾಮೂಲಿ ವೇಗದಲ್ಲಿ ನೋಡಿದರೆ ಅದು ಕಣ್ಣಿಗೆ ಬೀಳುವುದು ಕಷ್ಟ.

ಅದಕ್ಕೇ ಒಂದೊಂದೇ ಚಿತ್ರವಾಗಿ ನೋಡುವುದನ್ನು ಕಲಿಸಿದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ `E` ಕೀ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ನನ್ನದೇ ಮುಖ ಹಾಕಿದ ಒಂದು ಸಣ್ಣ ವಿಡಿಯೊ ಮೇಲೆ ಅಭ್ಯಾಸ ನಡೆಯಿತು. ಎಲ್ಲಿ ನಿಲ್ಲಿಸಬೇಕು ಎಂದು ಮಕ್ಕಳೇ ಬೇಗ ಕಲಿತರು: ಮುಖ ಫ್ರೇಮಿನೊಳಗೆ ಬರುವಾಗ, ಪೂರ್ತಿ ಪಕ್ಕಕ್ಕೆ ತಿರುಗಿದಾಗ, ಮುಖದ ಮುಂದೆ ಕೈ ಹಾದುಹೋಗುವಾಗ. ಕೈ ಹಾದುಹೋದ ಒಂದು ಫ್ರೇಮಿನಲ್ಲಿ ನನ್ನ ಮೂಗು ಬೆರಳಿನ ಮೇಲೆ ಮೂಡಿತ್ತು.

"ಸಾರ್, ನಮ್ಮ ಮುಖವೂ ಹಾಕಿ" ಎಂದು ಎಲ್ಲರೂ ಗೋಗರೆದರು. ಒಪ್ಪಲಿಲ್ಲ. ಇಂಥ ಎಷ್ಟೋ ಆಪ್‌ಗಳಲ್ಲಿ ಫೋಟೊ ಮೊದಲು ಯಾರದೋ ಸರ್ವರ್‌ಗೆ ಹೋಗುತ್ತದೆ. ಸಹಪಾಠಿಯ ಮುಖ ಹಾಕಿ ಆಡಿದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದು ಒಂಬತ್ತನೇ ತರಗತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಲಾಸು ಬಿಟ್ಟ ಮೇಲೆ ಒಬ್ಬ ಹುಡುಗಿ ನಿಂತು, "ಯಾರಾದ್ರೂ ನಮ್ಮ ಫೋಟೊಗೇ ಹೀಗೆ ಮಾಡಿದ್ರೆ?" ಎಂದು ಮೆಲ್ಲಗೆ ಕೇಳಿದಳು. ಗಾಬರಿಯಲ್ಲಿ ಅಳಿಸಬೇಡ, ಲಿಂಕ್ ಮತ್ತು ಕಳಿಸಿದವರ ನಂಬರ್ ಉಳಿಸಿಕೋ, ಮನೆಯಲ್ಲಿ ಅಥವಾ ನಮ್ಮಲ್ಲಿ ಒಬ್ಬರಿಗೆ ಹೇಳು, 1098 ಮಕ್ಕಳ ಸಹಾಯವಾಣಿ, `cybercrime.gov.in`ನಲ್ಲಿ ದೂರು ಕೊಡಬಹುದು ಎಂದೆ. ಮುಂದಿನ ಶನಿವಾರ ಅದನ್ನೇ ಇಡೀ ಕ್ಲಾಸಿಗೆ ಹೇಳಿ ಬೋರ್ಡಿನ ಮೇಲೆ ಬರೆಸಿದೆ.

ನಾನು ಎಡವಿದ್ದು ಪರೀಕ್ಷೆಯಲ್ಲಿ. ಹತ್ತು ಫೋಟೊ ಕೊಟ್ಟು "ನಿಜವೋ, ಬದಲಿಸಿದ್ದೋ" ಎಂದು ಕೇಳಿದೆ. ಬದಲಿಸಿದವನ್ನು ಹೆಚ್ಚಿನವರು ಹಿಡಿದರು. ಆದರೆ ನಮ್ಮದೇ ಶಾಲೆಯ ಕ್ರೀಡಾಕೂಟದ ಅಸಲಿ ಫೋಟೊವನ್ನೂ ಅರ್ಧ ತರಗತಿ ಸುಳ್ಳು ಎಂದುಬಿಟ್ಟಿತು! ಕಿವಿ ಮಸುಕಾಗಿದೆ, ಚರ್ಮ ನುಣ್ಣಗಿದೆ ಎಂಬ ಕಾರಣ. ಅದು ಸ್ಕ್ರೀನ್‌ಶಾಟ್ ತೆಗೆದು, ವಾಟ್ಸಾಪ್‌ನಲ್ಲಿ ಕಳಿಸಿ, ಮತ್ತೆ ಸ್ಕ್ರೀನ್‌ಶಾಟ್ ತೆಗೆದ ಚಿತ್ರ. ಜೊತೆಗೆ ಫೋನಿನ ಬ್ಯೂಟಿ ಮೋಡ್ ಕೂಡ ಆನ್ ಇತ್ತು. ಮಸುಕು ಇಡೀ ಚಿತ್ರದಲ್ಲಿ ಒಂದೇ ಥರ ಇದೆಯೋ, ಅಥವಾ ಮುಖದ ಅಂಚಿನಲ್ಲಿ ಮಾತ್ರ ಇದೆಯೋ ಎಂಬ ಪ್ರಶ್ನೆಯನ್ನು ನಾನು ಕಲಿಸಿರಲೇ ಇಲ್ಲ.

ಎರಡನೇ ಪರೀಕ್ಷೆಯಲ್ಲಿ "ಗೊತ್ತಿಲ್ಲ" ಎಂಬ ಮೂರನೇ ಉತ್ತರ ಸೇರಿಸಿದೆ. ಯಾಕೆ ಗೊತ್ತಿಲ್ಲ, ತಿಳಿಯಲು ಇನ್ನೇನು ಬೇಕು ಎಂದು ಬರೆದರೆ ಅದಕ್ಕೂ ಪೂರ್ತಿ ಅಂಕ. ಮುಖ ದೂರದಲ್ಲಿದ್ದ ಒಂದು ಸಣ್ಣ ಫೋಟೊಗೆ ಒಬ್ಬಳು ಬರೆದ ಉತ್ತರ: "ಗೊತ್ತಿಲ್ಲ. ಮುಖ ತುಂಬಾ ಚಿಕ್ಕದು, ಅಂಚು ಕಾಣಲ್ಲ. ಹಿಂದೆ ಇರೋ ಅಂಗಡಿ ಬೋರ್ಡ್ ಹುಡುಕಬೇಕು." ನಾನೂ ಹುಡುಕಿದೆ, ಸಿಗಲಿಲ್ಲ. ಆ ಫೋಟೊ ಎಲ್ಲಿಂದ ತಂದೆ ಎಂದು ನಾನೇ ಬರೆದಿಟ್ಟುಕೊಂಡಿರಲಿಲ್ಲ, ಹಾಗಾಗಿ ಸರಿಯುತ್ತರ ನನ್ನ ಹತ್ತಿರವೂ ಇಲ್ಲ. ಅವಳಿಗೆ ಪೂರ್ತಿ ಅಂಕ ಕೊಟ್ಟೆ.