ಹತ್ತು ನಿಮಿಷದ ಇಮೇಲ್, ವರ್ಷದ ಮೇಲಿನ ಪೇಚಾಟ

ಒಂದು ಪಿಡಿಎಫ್ ಇಳಿಸಿಕೊಳ್ಳಬೇಕು, ಸೈಟ್ ಇಮೇಲ್ ಕೇಳುತ್ತದೆ. ಕೊಟ್ಟರೆ ಮರುದಿನದಿಂದಲೇ ಜಾಹೀರಾತಿನ ಕಾಟ. ಇಂಥಲ್ಲಿ ಬಳಸಿ ಬಿಸಾಡುವ ತಾತ್ಕಾಲಿಕ ವಿಳಾಸ ಅನುಕೂಲವೇ. ಆದರೆ ಅದೇ ವಿಳಾಸದಲ್ಲಿ ತೆರೆದ ಖಾತೆ ಮುಂದೆ ಬೇಕಾದರೆ, 'ಪಾಸ್‌ವರ್ಡ್ ಮರೆತಿರಾ?' ಒತ್ತಿದಾಗ ಬರುವ ಲಿಂಕ್ ಆ ವಿಳಾಸಕ್ಕೇ ಹೋಗುತ್ತದೆ.

ತಾತ್ಕಾಲಿಕ ವಿಳಾಸಗಳಲ್ಲಿ ಎರಡು ಜಾತಿ. 10 ಮಿನಿಟ್ ಮೇಲ್‌ನಂಥದ್ದು ತಾನೇ ಒಂದು ಅಡ್ಡಾದಿಡ್ಡಿ ವಿಳಾಸ ಕೊಡುತ್ತದೆ; ಬೇಕಿದ್ದರೆ ಇನ್ನೂ ಹತ್ತು ನಿಮಿಷ ಹಿಗ್ಗಿಸಬಹುದು, ಅವಧಿ ಮುಗಿದ ಮೇಲೆ ಅದು ನಿಮ್ಮ ಕೈಗೆ ಮತ್ತೆ ಸಿಗುವುದಿಲ್ಲ. ಯಾಪ್‌ಮೇಲ್, ಮೇಲಿನೇಟರ್ ಬೇರೆ ಥರ. ಅಲ್ಲಿ ಹೆಸರನ್ನು ನೀವೇ ಇಡಬಹುದು, ಪಾಸ್‌ವರ್ಡ್ ಇಲ್ಲ, ಯಾವಾಗ ಬೇಕಾದರೂ ಅದೇ ಹೆಸರು ಬರೆದು ಇನ್‌ಬಾಕ್ಸ್ ತೆರೆಯಬಹುದು. ಯಾಪ್‌ಮೇಲ್‌ನಲ್ಲಿ ಬಂದ ಪತ್ರ ಎಂಟು ದಿನ ಉಳಿಯುತ್ತದೆ, ಇನ್‌ಬಾಕ್ಸ್ ಮಾತ್ರ ಅಳಿಯುವುದೇ ಇಲ್ಲ.

ಎರಡನೆಯದೇ ವಾಸಿ ಅನ್ನಿಸಬಹುದು. ತೊಂದರೆ ಇರುವುದೂ ಅಲ್ಲೇ: ನಿಮಗೆ ಬೀಗವಿಲ್ಲದೆ ತೆರೆಯುವ ಪೆಟ್ಟಿಗೆ ಊರಿಗೆಲ್ಲ ತೆರೆಯುತ್ತದೆ.

ಒಂದು ಉದಾಹರಣೆ ನೋಡಿ. ರೆಸ್ಯೂಮೆ ಮಾಡುವ ಸೈಟ್ ಒಂದರಲ್ಲಿ ನೀವು `resume@yopmail.com` ಕೊಟ್ಟು ಖಾತೆ ತೆರೆದಿರಿ. ಆರು ತಿಂಗಳ ಮೇಲೆ ಅದರಲ್ಲಿ ನಿಮ್ಮ ಫೋನ್ ನಂಬರ್, ಮನೆ ವಿಳಾಸ, ಹಳೆಯ ಕೆಲಸದ ವಿವರ ಎಲ್ಲ ಸೇರಿವೆ. ಇಷ್ಟು ಸಾಮಾನ್ಯ ಹೆಸರನ್ನು ಬೇರೆ ಯಾರೋ ಸುಮ್ಮನೆ ಬರೆದು ತೆರೆದರೂ ಸೈಟ್ ಕಳಿಸುವ ವಾರದ ಪ್ರಚಾರ ಪತ್ರ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಖಾತೆ ಎಲ್ಲಿದೆ ಎಂಬುದು ಗೊತ್ತಾಯಿತು. ಅವರು ಆ ಸೈಟಿಗೆ ಹೋಗಿ 'ಪಾಸ್‌ವರ್ಡ್ ಮರೆತೆ' ಒತ್ತಿದರೆ ಲಿಂಕ್ ಅದೇ ಇನ್‌ಬಾಕ್ಸಿಗೆ ಬರುತ್ತದೆ. ಹೊಸ ಪಾಸ್‌ವರ್ಡ್ ಇಟ್ಟು, ಇಮೇಲನ್ನೂ ಬದಲಿಸಿಬಿಟ್ಟರೆ ನೀವು ಹೊರಗೆ. ಇದಕ್ಕೆ ಹ್ಯಾಕಿಂಗ್ ವಿದ್ಯೆಯೇನೂ ಬೇಕಿಲ್ಲ.

ಇಂಥ ಖಾತೆ ನಿಮ್ಮಲ್ಲಿದ್ದರೆ ಮೊದಲ ಮಾತು: ಲಾಗ್‌ಔಟ್ ಆಗಬೇಡಿ, ಬ್ರೌಸರ್‌ನ ಕುಕಿಗಳನ್ನು ಅಳಿಸಬೇಡಿ. ಪಾಸ್‌ವರ್ಡ್ ಮರೆತವರಿಗೆ ಈಗ ತೆರೆದೇ ಇರುವ ಲಾಗಿನ್ನೇ ಉಳಿದಿರುವ ಕೀಲಿ. ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಇಮೇಲ್ ಬದಲಿಸುವ ಜಾಗ ಹುಡುಕಿ, ನಿಮ್ಮ ಕಾಯಂ ವಿಳಾಸ ಕೊಡಿ. ಸೈಟ್ ಇಲ್ಲಿ ಹಳೆಯ ಪಾಸ್‌ವರ್ಡ್ ಕೇಳಬಹುದು. ನೆನಪಿಲ್ಲದಿದ್ದರೆ ಬ್ರೌಸರ್ ಉಳಿಸಿಕೊಂಡಿದೆಯೇ ನೋಡಿ. ಕ್ರೋಮ್‌ನಲ್ಲಾದರೆ ವಿಳಾಸಪಟ್ಟಿಯಲ್ಲಿ ಹೀಗೆ ಬರೆಯಿರಿ:

```
chrome://password-manager/passwords
```

ಅಲ್ಲಿ ಪಾಸ್‌ವರ್ಡ್ ಜೊತೆಗೆ ಯಾವ ಇಮೇಲ್ ಕೊಟ್ಟಿದ್ದಿರಿ ಎಂಬುದೂ ಇರುತ್ತದೆ. ಎಷ್ಟೋ ಜನ ಮರೆತಿರುವುದು ಅದನ್ನೇ.

ಕೆಲವು ಸೈಟ್‌ಗಳು ಬದಲಾವಣೆಗೆ ಹಳೆಯ ವಿಳಾಸದಿಂದಲೂ ಒಪ್ಪಿಗೆ ಕೇಳುತ್ತವೆ. ಯಾಪ್‌ಮೇಲ್ ಆಗಿದ್ದರೆ ಅದೇ ಹೆಸರಿನ ಇನ್‌ಬಾಕ್ಸ್ ತೆರೆದು ಕೂಡಲೇ ಒತ್ತಬಹುದು. ಹತ್ತು ನಿಮಿಷದ ವಿಳಾಸವಾಗಿದ್ದರೆ ಈ ದಾರಿ ಮುಚ್ಚಿತು. ಸೆಟ್ಟಿಂಗ್ಸ್‌ನಲ್ಲಿ ಫೋನ್ ನಂಬರ್ ಸೇರಿಸಲು ಅವಕಾಶವಿದೆಯೇ ನೋಡಿ. ಅದೂ ಇಲ್ಲದಿದ್ದರೆ ಒಳಗಿರುವ ಕಡತಗಳನ್ನು ಇಳಿಸಿಕೊಂಡು, ಖಾತೆ ಅಳಿಸಿ, ಹೊಸದನ್ನು ತೆರೆಯುವುದೇ ಸರಿ.

ವಿಳಾಸ ಬದಲಾದ ಮೇಲೆ ಹೊಸ ಇನ್‌ಬಾಕ್ಸಿಗೆ ಬಂದ ದೃಢೀಕರಣದ ಲಿಂಕ್ ಒತ್ತಲೇಬೇಕು. ಇದನ್ನು ಬಿಟ್ಟವರ ಖಾತೆ ಹಳೆಯ ವಿಳಾಸದಲ್ಲೇ ಉಳಿದಿರುತ್ತದೆ. ಪಾಸ್‌ವರ್ಡ್ ಬದಲಿಸಿ, 'ಎಲ್ಲ ಸಾಧನಗಳಿಂದ ಲಾಗ್‌ಔಟ್' ಇದ್ದರೆ ಅದನ್ನೂ ಒತ್ತಿ. ಆಮೇಲೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೀವೇ ಒಮ್ಮೆ 'ಪಾಸ್‌ವರ್ಡ್ ಮರೆತೆ' ಒತ್ತಿ ನೋಡಿ. ಲಿಂಕ್ ಕಾಯಂ ವಿಳಾಸಕ್ಕೆ ಬಂದರೆ ಕೆಲಸ ಆಯಿತು.

ಈಗಾಗಲೇ ಹೊರಗುಳಿದಿದ್ದರೆ? ಹಳೆಯ ಫೋನ್, ಕಚೇರಿಯ ಕಂಪ್ಯೂಟರ್, ಎಲ್ಲಾದರೂ ಲಾಗಿನ್ ಉಳಿದಿದೆಯೇ ಹುಡುಕಿ. ಆ ಸೈಟಿಗೆ ಹಣ ಕಟ್ಟಿದ್ದರೆ ರಸೀದಿ ಸಂಖ್ಯೆ, ದಿನಾಂಕ ಕೊಟ್ಟು ಗ್ರಾಹಕ ಸೇವೆಗೆ ಬರೆಯಿರಿ. ಉಚಿತ ಖಾತೆ ನಿಮ್ಮದೆಂದು ತೋರಿಸಲು ಇಮೇಲ್ ಬಿಟ್ಟರೆ ಸಾಮಾನ್ಯವಾಗಿ ಬೇರೆ ಪುರಾವೆ ಇರುವುದಿಲ್ಲ.

ಮುಂದಿನ ಸಲ ಹೆಸರು ನೋಂದಾಯಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಹಣ, ಹೆಸರು ಅಥವಾ ನನ್ನ ಕಡತ ಉಳಿಯುತ್ತದೆಯೇ? ಉಳಿಯುವುದಾದರೆ ತಾತ್ಕಾಲಿಕ ವಿಳಾಸ ಬೇಡ. ಫೈರ್‌ಫಾಕ್ಸ್ ರಿಲೇ, ಡಕ್‌ಡಕ್‌ಗೋ ಕೊಡುವ ಮುಸುಕಿನ ವಿಳಾಸ ಬಳಸಿ. ಅದಕ್ಕೆ ಬಂದ ಪತ್ರ ನಿಮ್ಮ ನಿಜವಾದ ಇನ್‌ಬಾಕ್ಸಿಗೆ ತಲುಪುತ್ತದೆ, ಕಾಟ ಹೆಚ್ಚಾದರೆ ಆ ಒಂದು ವಿಳಾಸವನ್ನಷ್ಟೇ ನಿಲ್ಲಿಸಬಹುದು. ನಿಲ್ಲಿಸುವ ಮುನ್ನ ಅದರಲ್ಲಿ ಯಾವ ಖಾತೆ ಇದೆ ಎಂದು ನೋಡಿಕೊಳ್ಳಿ, ಇಲ್ಲವಾದರೆ ಮತ್ತದೇ ಪೇಚು. ಜಿಮೇಲ್‌ನಲ್ಲಿ `hesaru+resume@gmail.com` ಎಂದು ಪ್ಲಸ್ ಹಾಕಿ ಬರೆಯುವುದೂ ಒಂದು ಉಪಾಯ. ಇದು ನಿಜವಾದ ವಿಳಾಸವನ್ನು ಮುಚ್ಚುವುದಿಲ್ಲ, ಕೆಲವು ಸೈಟ್‌ಗಳು ಪ್ಲಸ್ ಒಪ್ಪುವುದೂ ಇಲ್ಲ. ಒಪ್ಪಿದ ಕಡೆ, ಮುಂದೆ ಲಾಗಿನ್ ಆಗುವಾಗಲೂ ಪ್ಲಸ್ ಸಮೇತ ಹಾಗೆಯೇ ಬರೆಯಬೇಕು.