ರೂಮ್‌ಮೇಟ್ ಮಧ್ಯದಲ್ಲೇ ಹೊರಟರೆ ಅವನ ಅಡ್ವಾನ್ಸ್ ಯಾರು ಕೊಡಬೇಕು? ಮನೆ ಹಿಡಿಯುವಾಗಲೇ ಬರೆದಿಟ್ಟುಕೊಳ್ಳುವುದು ಹೀಗೆ

ಬೆಂಗಳೂರಿನಲ್ಲಿ ಮೂವರು ಸೇರಿ ಮನೆ ಹಿಡಿದರೆ ಜಗಳ ಬರುವುದು ಬಾಡಿಗೆಗಲ್ಲ. ಬಾಡಿಗೆ ತಿಂಗಳು ತಿಂಗಳು ಹೇಗೋ ಹೋಗುತ್ತದೆ. ಜಗಳ ಬರುವುದು ಅಡ್ವಾನ್ಸ್‌ಗೆ. ಒಬ್ಬ ಐದನೇ ತಿಂಗಳಲ್ಲೇ ಬೇರೆ ಊರಿಗೆ ಹೊರಟು ನಿಲ್ಲುತ್ತಾನೆ. ಅವನ ದುಡ್ಡು ಓನರ್ ಹತ್ತಿರ ಇದೆ. ಎಲ್ಲರೂ ಖಾಲಿ ಮಾಡುವ ತನಕ ಓನರ್ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಉಳಿದ ಇಬ್ಬರ ಹತ್ತಿರ ಅಷ್ಟು ದುಡ್ಡಿಲ್ಲ. ಆಗ ಏನು ಮಾಡಬೇಕು ಎನ್ನುವುದನ್ನು ಮನೆಗೆ ಬರುವ ಮೊದಲೇ ಒಂದೆರಡು ಪುಟದಲ್ಲಿ ಬರೆದುಕೊಳ್ಳಬಹುದು.

ಒಂದು ಮನೆಯನ್ನು ಕಲ್ಪಿಸಿಕೊಂಡು ನೋಡೋಣ. ರಾಜಾಜಿನಗರದಲ್ಲಿ ಎರಡು ಬೆಡ್‌ರೂಮಿನ ಮನೆ. ಬಾಡಿಗೆ 24,000 ರೂಪಾಯಿ, ಅಡ್ವಾನ್ಸ್ 1,50,000. ಮೂವರಲ್ಲಿ ಒಬ್ಬ ಹಾಸನದವನು, ಒಬ್ಬ ಧಾರವಾಡದವನು, ಒಬ್ಬ ಕುಂದಾಪುರದವನು. ಜೂನ್ 1ರಿಂದ ಏಪ್ರಿಲ್ 30ರ ತನಕ, ಅಂದರೆ 11 ತಿಂಗಳ ಅಗ್ರಿಮೆಂಟ್. (11 ತಿಂಗಳೇ ಯಾಕೆ ಎಂದರೆ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಆ ಓಡಾಟ ತಪ್ಪಿಸಲು ಈ ರೂಢಿ.)

ಮೊದಲು ಓನರ್ ಅಗ್ರಿಮೆಂಟ್ ಓದಿ

ನೀವು ಮೂವರು ಬರೆದುಕೊಳ್ಳುವ ಪತ್ರ ಬೇರೆ, ಓನರ್ ಜೊತೆಗಿನ ಅಗ್ರಿಮೆಂಟ್ ಬೇರೆ. ನಿಮ್ಮ ಪತ್ರಕ್ಕೂ ಓನರ್‌ಗೂ ಸಂಬಂಧವಿಲ್ಲ. ಮೂವರೂ ಅಗ್ರಿಮೆಂಟ್‌ಗೆ ಸಹಿ ಹಾಕಿದ್ದರೆ, ಬೇರೆ ರೀತಿ ಬರೆದಿಲ್ಲದಿದ್ದರೆ, ಓನರ್ ಪೂರ್ತಿ 24,000 ರೂಪಾಯಿಯನ್ನು ಯಾರೊಬ್ಬರಿಂದ ಬೇಕಾದರೂ ಕೇಳಬಹುದು. 1872ರ ಕರಾರು ಕಾಯ್ದೆಯ 43ನೇ ಕಲಂ ಹೇಳುವುದು ಇದನ್ನೇ. ಹಾಗೆ ಕೊಟ್ಟವನು ಉಳಿದವರಿಂದ ಅವರವರ ಪಾಲು ವಸೂಲಿ ಮಾಡಬಹುದು. ಆದರೆ ಬೇರೆ ಒಪ್ಪಂದವಿಲ್ಲದಿದ್ದರೆ ಕಾನೂನು ಎಲ್ಲರ ಪಾಲೂ ಸಮ ಎಂದೇ ಹಿಡಿಯುತ್ತದೆ, ತಲೆಗೆ 8,000. ದೊಡ್ಡ ರೂಮಿನವನು ಜಾಸ್ತಿ ಕೊಡುತ್ತೇನೆ ಎಂದು ಬಾಯಲ್ಲಿ ಹೇಳಿದ್ದು ಆಮೇಲೆ ಸಾಬೀತಾಗುವುದು ಕಷ್ಟ.

ಎಷ್ಟೋ ಮನೆಗಳಲ್ಲಿ ಒಬ್ಬನ ಹೆಸರಿನಲ್ಲಷ್ಟೇ ಅಗ್ರಿಮೆಂಟ್ ಇರುತ್ತದೆ. ಆಗ ಅಡ್ವಾನ್ಸ್ ವಾಪಸ್ ಬರುವುದೂ ಅವನ ಖಾತೆಗೇ. ಉಳಿದಿಬ್ಬರ ದುಡ್ಡು ಅದರಲ್ಲಿದೆ ಎನ್ನುವುದಕ್ಕೆ ನಿಮ್ಮ ಪತ್ರವೇ ಆಧಾರ. ಯಾರು, ಯಾವ ದಿನ, ಎಷ್ಟು ಕಳಿಸಿದರು, ಬ್ಯಾಂಕಿನ ಯುಟಿಆರ್ ನಂಬರ್ ಏನು, ಇಷ್ಟನ್ನೂ ಬರೆಯಿರಿ. ನಗದು ಕೊಟ್ಟಿದ್ದರೆ ರಸೀದಿ ಪಡೆಯಿರಿ.

ಓನರ್ ಅಗ್ರಿಮೆಂಟ್‌ನಲ್ಲಿ ಇನ್ನು ನಾಲ್ಕು ವಿಷಯ ಹುಡುಕಿ: ಲಾಕ್-ಇನ್ ಎಷ್ಟು ತಿಂಗಳು, ನೋಟಿಸ್ ಎಷ್ಟು, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಬೇರೆಯವರನ್ನು ಸೇರಿಸಿಕೊಳ್ಳಲು ಓನರ್ ಒಪ್ಪಿಗೆ ಬೇಕೇ. ನಮ್ಮ ಉದಾಹರಣೆಯಲ್ಲಿ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ ಎಂದಿದೆ. ಈ 24,000 ಮುಂದೆ ನಮಗೆ ಬೇಕಾಗುತ್ತದೆ.

ಪಾಲು ಹಂಚುವುದು

ಹಾಸನದವನಿಗೆ ಅಟ್ಯಾಚ್ಡ್ ಬಾತ್‌ರೂಮ್ ಇರುವ ದೊಡ್ಡ ರೂಮ್, ಒಬ್ಬನಿಗೇ. ಉಳಿದಿಬ್ಬರು ಇನ್ನೊಂದು ರೂಮಿನಲ್ಲಿ. ಹಾಗಾಗಿ ಅವನು 10,000, ಇವರು 7,000 ರಂತೆ. ಅಡ್ವಾನ್ಸನ್ನೂ ಇದೇ ಲೆಕ್ಕದಲ್ಲಿ ಹಂಚಿದರೆ ಒಳ್ಳೆಯದು: ಹಾಸನದವನು 62,500, ಉಳಿದವರು 43,750 ರಂತೆ. ಸಮ ಹಂಚಿಕೊಳ್ಳುವವರೂ ಇದ್ದಾರೆ. ಆದರೆ ಓನರ್ ಹಿಡಿದುಕೊಳ್ಳುವ ಪೇಂಟಿಂಗ್ ದುಡ್ಡು ಬಾಡಿಗೆಯ ಲೆಕ್ಕದಲ್ಲಿ ಬರುವುದರಿಂದ, ಅಡ್ವಾನ್ಸ್ ಕೂಡ ಬಾಡಿಗೆಯ ಪಾಲಿನಂತೆಯೇ ಇದ್ದರೆ ಕೊನೆಯಲ್ಲಿ ಕಳೆಯುವುದು ಸುಲಭ.

ಬಿಲ್‌ಗಳನ್ನು ಎರಡು ಗುಂಪು ಮಾಡಿ. ಮೆಂಟೆನೆನ್ಸ್ ಮತ್ತು ವೈಫೈ ನೀವು ಊರಿಗೆ ಹೋದರೂ ಬರುತ್ತವೆ. ಇವನ್ನು ಸಮ ಹಂಚಿ. ಮೆಂಟೆನೆನ್ಸ್ 1,500, ವೈಫೈ 900 ಎಂದರೆ ತಲೆಗೆ ತಿಂಗಳಿಗೆ 800. ಕರೆಂಟು, ಗ್ಯಾಸ್, ಅಡುಗೆ ಸಾಮಾನು ಇದ್ದವರಿಗೆ ಮಾತ್ರ. ಒಂದು ವಾರ ಊರಿಗೆ ಹೋದವನಿಗೆ ಕರೆಂಟ್ ಬಿಲ್‌ನಲ್ಲಿ ರಿಯಾಯಿತಿ ಉಂಟೋ ಇಲ್ಲವೋ ಎನ್ನುವುದನ್ನೂ ಬರೆದುಬಿಡಿ. ನನ್ನ ಕೇಳಿದರೆ, ಹತ್ತು ದಿನಕ್ಕಿಂತ ಕಡಿಮೆಯಾದರೆ ಬೇಡ. ಇಲ್ಲದಿದ್ದರೆ ಪ್ರತಿ ತಿಂಗಳೂ ಹಾಜರಿ ಪುಸ್ತಕ ಇಡಬೇಕಾಗುತ್ತದೆ.

ಯಾವ ಬಿಲ್ ಯಾರ ಹೆಸರಿನಲ್ಲಿದೆ ಎನ್ನುವುದಕ್ಕೂ ಒಂದು ಸಾಲು ಇರಲಿ. ಗೃಹಜ್ಯೋತಿಗೆ ಅರ್ಜಿ ಹಾಕಿದ್ದರೆ ಮನೆಯ ಆರ್‌ಆರ್ ನಂಬರ್‌ಗೆ ಒಬ್ಬನ ಆಧಾರ್ ಜೋಡಣೆಯಾಗಿರುತ್ತದೆ. ಅವನೇ ಹೊರಟರೆ, ಹೋಗುವ ಮೊದಲು ಸೇವಾ ಸಿಂಧುವಿನಲ್ಲಿ ಅದನ್ನು ಡಿಲಿಂಕ್ ಮಾಡಬೇಕು, ಉಳಿದವರಲ್ಲಿ ಒಬ್ಬರು ಹೊಸದಾಗಿ ಅರ್ಜಿ ಹಾಕಬೇಕು. ಇದನ್ನು ಮರೆಯುವವರೇ ಜಾಸ್ತಿ.

ಮಧ್ಯದಲ್ಲಿ ಹೊರಡುವವನ ಕಲಂ

ಪತ್ರದ ಜೀವ ಇರುವುದು ಇಲ್ಲಿ. ಹೀಗೆ ಬರೆಯಬಹುದು:

"ಅವಧಿ ಮುಗಿಯುವ ಮೊದಲು ಹೊರಡುವವರು ಎರಡು ತಿಂಗಳ ನೋಟಿಸನ್ನು ವಾಟ್ಸ್ಆ್ಯಪ್ ಅಥವಾ ಇಮೇಲ್ ಮೂಲಕ ಇಬ್ಬರಿಗೂ ಕೊಡಬೇಕು. ನೋಟಿಸ್ ಮುಗಿಯುವ ತನಕ ಅಥವಾ ಬದಲಿ ವ್ಯಕ್ತಿ ಬರುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ, ಬಾಡಿಗೆ, ಮೆಂಟೆನೆನ್ಸ್, ವೈಫೈ ಪಾಲು ಕೊಡಬೇಕು. ಬದಲಿ ವ್ಯಕ್ತಿಯನ್ನು ಹುಡುಕುವ ಹೊಣೆ ಹೊರಡುವವರದು. ಉಳಿದಿಬ್ಬರ ಮತ್ತು ಓನರ್‌ನ ಒಪ್ಪಿಗೆ ಬೇಕು. ಸರಿಯಾದ ಕಾರಣವಿಲ್ಲದೆ ಇಬ್ಬರಿಗಿಂತ ಹೆಚ್ಚು ಜನರನ್ನು ಬೇಡ ಎನ್ನುವಂತಿಲ್ಲ."

ಕೊನೆಯ ಸಾಲನ್ನು ಬಿಡಬೇಡಿ. ಉಳಿದವರು ಬಂದವರನ್ನೆಲ್ಲ ಬೇಡ ಎನ್ನುತ್ತಾ ಹೋದರೆ ಹೊರಟವನು ಸುಮ್ನೆ ಬಾಡಿಗೆ ಕಟ್ಟುತ್ತಾ ಕೂರಬೇಕು.

ಈಗ ಲೆಕ್ಕ. ಕುಂದಾಪುರದವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಅಕ್ಟೋಬರ್ 1ಕ್ಕೆ ನೋಟಿಸ್ ಕೊಟ್ಟ. ಅಕ್ಟೋಬರ್ 20ಕ್ಕೆ ಮನೆ ಬಿಟ್ಟ. ಬದಲಿ ಹುಡುಗ ಬಂದಿದ್ದು ನವೆಂಬರ್ 16ಕ್ಕೆ. ನೋಟಿಸ್ ನವೆಂಬರ್ 30ರ ತನಕ ಇದ್ದರೂ ಬದಲಿ ಮೊದಲೇ ಬಂದದ್ದರಿಂದ ಅವನ ಹೊಣೆ ನವೆಂಬರ್ 15ಕ್ಕೆ ಮುಗಿಯಿತು.

ಅಕ್ಟೋಬರ್ ಬಾಡಿಗೆ, ಮೆಂಟೆನೆನ್ಸ್, ವೈಫೈ ಅವನು ಮೊದಲೇ ಕೊಟ್ಟಿದ್ದ. ನವೆಂಬರ್ ಬಾಡಿಗೆಯನ್ನು ಉಳಿದಿಬ್ಬರೇ ಪೂರ್ತಿ ಕಟ್ಟಿದ್ದರು. ಹಾಗಾಗಿ ಅರ್ಧ ನವೆಂಬರ್‌ನ ಬಾಡಿಗೆ 3,500 ಮತ್ತು ಮೆಂಟೆನೆನ್ಸ್, ವೈಫೈ 400 ಅವನಿಂದ ಬರಬೇಕು. ಅಕ್ಟೋಬರ್ ಕರೆಂಟ್ ಬಿಲ್ 1,230 ಬಂತು ಎನ್ನಿ. ಆ ತಿಂಗಳು ಇಬ್ಬರು 31 ದಿನ, ಇವನು 20 ದಿನ, ಒಟ್ಟು 82 ದಿನ. ಒಬ್ಬನಿಗೆ ದಿನಕ್ಕೆ 15 ರೂಪಾಯಿ. ಇವನ ಪಾಲು 300. ಎಲ್ಲ ಸೇರಿ ಬಾಕಿ 4,200.

ಇನ್ನು ಪೇಂಟಿಂಗ್. ಇದನ್ನು ಮರೆತರೆ ಹೊಸಬನಿಗೆ ಮೋಸವಾಗುತ್ತದೆ. ಏಪ್ರಿಲ್‌ನಲ್ಲಿ ಓನರ್ 24,000 ಹಿಡಿದರೆ ಆ ಪಾಲಿಗೆ ಬರುವ 7,000 ಪೂರ್ತಿ ಹೊಸಬನ ತಲೆ ಮೇಲೆ ಬೀಳುತ್ತದೆ. ಅವನು ಇದ್ದದ್ದು ಐದೂವರೆ ತಿಂಗಳು ಮಾತ್ರ. ಅದಕ್ಕೆ 7,000ವನ್ನು 11 ತಿಂಗಳಿಗೆ ಹಂಚಿ. ಹಳಬನ ಐದೂವರೆ ತಿಂಗಳಿಗೆ 3,500.

ಈಗ ಹೊಸಬ ಕೊಡಬೇಕಾದ ಅಡ್ವಾನ್ಸ್ 43,750ರಲ್ಲಿ 3,500 ಕಳೆದು 40,250. ಇದರಲ್ಲಿ 4,200 ಉಳಿದಿಬ್ಬರಿಗೆ ಹೋಗುತ್ತದೆ, 36,050 ನೇರವಾಗಿ ಕುಂದಾಪುರದವನ ಖಾತೆಗೆ. ನವೆಂಬರ್‌ನ ಉಳಿದರ್ಧದ 3,900ನ್ನು ಹೊಸಬ ಇಬ್ಬರಿಗೆ ಬೇರೆಯಾಗಿ ಕೊಡುತ್ತಾನೆ. ಓನರ್ ಹತ್ತಿರವಿರುವ 1,50,000 ಹಾಗೇ ಇರುತ್ತದೆ. ಏಪ್ರಿಲ್‌ನಲ್ಲಿ ಹೊಸಬನಿಗೆ 36,750 ಬರುತ್ತದೆ. ಅವನ ಕೈಯಿಂದ ಹೋದದ್ದು 3,500 ಮಾತ್ರ.

ದುಡ್ಡು ಕೈ ಬದಲಾಗುವ ದಿನ ಎಲ್ಲರೂ ಸೇರಿ ಮನೆಯನ್ನೊಮ್ಮೆ ನೋಡಿ ಫೋಟೋ ತೆಗೆಯಬೇಕು. ಒಡೆದ ಬಾತ್‌ರೂಮ್ ಕನ್ನಡಿ, ಕಪಾಟಿನ ಮುರಿದ ಹಿಡಿಕೆ ಇದ್ದರೆ ರಿಪೇರಿ ಖರ್ಚನ್ನು ಆಗಲೇ ಕಳೆಯಿರಿ. ಇಲ್ಲದಿದ್ದರೆ ಹಳಬ ಒಡೆದದ್ದಕ್ಕೆ ಹೊಸಬ ದಂಡ ಕಟ್ಟುತ್ತಾನೆ.

ಯಾರೂ ಸಿಗದಿದ್ದರೆ?

ನವೆಂಬರ್ 30ಕ್ಕೆ ಅವನ ಬಾಡಿಗೆ ಹೊಣೆ ಮುಗಿಯುತ್ತದೆ. ಡಿಸೆಂಬರ್‌ನಿಂದ ಇಬ್ಬರೇ 24,000 ಕಟ್ಟಬೇಕು, ಅಥವಾ ಓನರ್‌ಗೆ ನೋಟಿಸ್ ಕೊಡಬೇಕು. ಇದು ಕಷ್ಟ, ನಿಜ. ಆದರೆ ಪುಣೆಗೆ ಹೋದವನಿಂದ ಏಪ್ರಿಲ್ ತನಕ ಬಾಡಿಗೆ ಕೇಳುವುದೂ ನ್ಯಾಯವಲ್ಲ. ಅವನ ಅಡ್ವಾನ್ಸ್‌ಗೆ ಹೀಗೆ ಬರೆಯಿರಿ: "ಬದಲಿ ವ್ಯಕ್ತಿ ಬಂದ ದಿನ ಅಥವಾ ಓನರ್ ಅಡ್ವಾನ್ಸ್ ಹಿಂತಿರುಗಿಸಿದ ಏಳು ದಿನದೊಳಗೆ, ಯಾವುದು ಮೊದಲೋ ಆಗ, ಬಾಕಿ ಕಳೆದು ಕೊಡತಕ್ಕದ್ದು." ಉಳಿದವರು ಕೈಯಿಂದ ಹಾಕಿ ಕೊಡಬೇಕಾಗಿಲ್ಲ. ಹೋದವನಿಗೂ ದುಡ್ಡು ಯಾವಾಗ ಬರುತ್ತದೆ ಎಂದು ಗೊತ್ತಿರುತ್ತದೆ. ಲಾಕ್-ಇನ್ ಒಳಗೇ ಎಲ್ಲರೂ ಖಾಲಿ ಮಾಡಬೇಕಾಗಿ ಬಂದರೆ ಓನರ್ ಹಿಡಿಯುವ ದಂಡದಲ್ಲಿ ಅವನ ಪಾಲೆಷ್ಟು ಎನ್ನುವುದನ್ನೂ ಸೇರಿಸಿ.

"ಮಧ್ಯದಲ್ಲಿ ಹೋದರೆ ಪೂರ್ತಿ ಅಡ್ವಾನ್ಸ್ ಮುಟ್ಟುಗೋಲು" ಎಂದು ಬರೆಯುವವರಿದ್ದಾರೆ. ಹೆದರಿಸಲು ಚೆನ್ನಾಗಿರುತ್ತದೆ, ಅಷ್ಟೇ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಪತ್ರದಲ್ಲಿ ಎಷ್ಟೇ ದಂಡ ಬರೆದಿದ್ದರೂ ಕೋರ್ಟ್ ಕೊಡಿಸುವುದು ಆ ಮೊತ್ತ ಮೀರದಂತೆ ನ್ಯಾಯವೆನಿಸುವ ಪರಿಹಾರ ಮಾತ್ರ. ಎರಡು ತಿಂಗಳ ನೋಟಿಸ್ ಬಾಡಿಗೆ ಕೇಳುವುದಕ್ಕೆ ಅರ್ಥವಿದೆ, 43,750ನ್ನೂ ನುಂಗುವುದಕ್ಕೆ ಇಲ್ಲ.

ಸಹಿ ಹಾಕುವುದು

ಮೂವರಿಗೂ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ಇ-ಸ್ಟಾಂಪ್ ಪೇಪರ್ ಮೇಲೆ ಮಾಡಿಸಿ. ಸ್ಟಾಂಪ್ ಇಲ್ಲದ ಪತ್ರ ಸುಳ್ಳಾಗುವುದಿಲ್ಲ, ಆದರೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ತೋರಿಸಬೇಕಾದರೆ ಬಾಕಿ ಶುಲ್ಕವನ್ನೂ ದಂಡವನ್ನೂ ಕಟ್ಟಬೇಕಾಗುತ್ತದೆ. ಪ್ರತಿ ಪುಟಕ್ಕೂ ಮೂವರ ಸಹಿ, ಇಬ್ಬರು ಸಾಕ್ಷಿಗಳು, ಜೊತೆಗೆ ಓನರ್ ಅಗ್ರಿಮೆಂಟ್‌ನ ಪ್ರತಿ. ಸ್ಕ್ಯಾನ್ ಮಾಡಿ ಮೂವರ ಇಮೇಲ್‌ಗೂ ಕಳಿಸಿ.

ಹೊಸಬ ಬಂದ ದಿನ ಹಳೆಯ ಪತ್ರವನ್ನು ಹರಿಯಬೇಡಿ. ಒಂದು ಪುಟದ ಸೇರ್ಪಡೆ ಸಾಕು: ಯಾವ ದಿನದಿಂದ ಯಾರ ಜಾಗಕ್ಕೆ ಯಾರು ಬಂದರು, ಎಷ್ಟು ದುಡ್ಡು ಯಾರಿಂದ ಯಾರಿಗೆ ಹೋಯಿತು, ಇನ್ನು ಮುಂದೆ 43,750ರ ಹಕ್ಕು ಯಾರದು. ಅದಕ್ಕೆ ನಾಲ್ವರೂ ಸಹಿ ಹಾಕಬೇಕು, ಹೊರಟವನೂ ಸೇರಿ. ಓನರ್ ವಾಟ್ಸ್ಆ್ಯಪ್‌ನಲ್ಲಿ "ಆಯ್ತು" ಎಂದು ಕಳಿಸಿದ್ದರ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಅದರ ಹಿಂದೆ ಪಿನ್ ಮಾಡಿ.