ಬೆಳ್ಳಕ್ಕಿಗೆ ಬಿಳಿ ಬಣ್ಣ ಎಲ್ಲಿಂದ ತರೋದು?

ಮಕ್ಕಳ ಚಿತ್ರಪುಸ್ತಕಕ್ಕೆ ಕಥೆ ಬರೆಯುವವರು ಎಷ್ಟೋ ಸಲ ಇನ್ನೊಂದು ಬರಹವನ್ನೂ ಕೊಡಬೇಕಾಗುತ್ತದೆ. ಯಾವ ಪುಟದಲ್ಲಿ ಏನು ಕಾಣಬೇಕು ಅಂತ ಚಿತ್ರ ಬರೆಯುವವರಿಗೆ ಹೇಳುವ ಟಿಪ್ಪಣಿ ಅದು. ಓದುಗರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬರೆಯುವುದು ಹೇಗೆ ಅಂತ ನಾನು ಕಲಿತದ್ದು ಒಂದು ಎಮ್ಮೆಕರುವಿನಿಂದ.

ಕಥೆ ಸಣ್ಣದು. ಕೆರೆಯಲ್ಲಿ ಕೂತ ಎಮ್ಮೆಕರುವಿನ ಬೆನ್ನ ಮೇಲೆ ಮೊದಲ ಸಲ ಬೆಳ್ಳಕ್ಕಿ ಬಂದು ಕೂರುತ್ತದೆ. ಕರುವಿಗೆ ಮೊದಲು ಗಾಬರಿ, ಆಮೇಲೆ ಖುಷಿ. ಈ ಜೋಡಿಪುಟಕ್ಕೆ ನಾನು ಬರೆದುಕೊಟ್ಟದ್ದು ಇಷ್ಟೇ: "ಸುಂದರವಾದ ಬೆಳಗು. ತಿಳಿ ಆಕಾಶ. ಮುದ್ದಾದ ಕರು, ಸ್ನೇಹದ ಬೆಳ್ಳಕ್ಕಿ. ಮೃದುವಾದ ಜಲವರ್ಣ."

ಸ್ಕೆಚ್ ಬಂತು. ಕರುವೂ ಹಕ್ಕಿಯೂ ಫೋಟೋ ಸ್ಟುಡಿಯೋದಲ್ಲಿ ಕೂತವರ ಹಾಗೆ ನಮ್ಮ ಕಡೆಗೇ ನೋಡಿ ನಗುತ್ತಿದ್ದವು. ಕರುವಿನ ಮೂಗು ಸರಿಯಾಗಿ ಎರಡು ಪುಟ ಸೇರುವ ಮಡಿಕೆಯಲ್ಲಿತ್ತು. ನಾಲ್ಕು ಸಾಲು ಕಥೆ ಅಚ್ಚು ಹಾಕಲು ಜಾಗವೇ ಇರಲಿಲ್ಲ. ಸಿಟ್ಟು ಬಂತು. ಆಮೇಲೆ ನನ್ನ ಟಿಪ್ಪಣಿಯನ್ನೇ ಮತ್ತೊಮ್ಮೆ ಓದಿದೆ. 'ಮುದ್ದಾದ' ಅಂದರೆ ಚಿತ್ರ ಬರೆಯುವವರ ಕೈಗೆ ಏನು ಸಿಕ್ಕಂತಾಯ್ತು? ಏನೂ ಇಲ್ಲ, ಅಲ್ವಾ?

ಚಿತ್ರ ಬರೆಯುತ್ತಿದ್ದಾಕೆ ನನ್ನನ್ನು ಮನೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಬೆಳ್ಳಕ್ಕಿಗೆ ಬಿಳಿ ಎಲ್ಲಿಂದ ತರಲಿ, ಹೇಳಿ" ಅಂದಳು. ಜಲವರ್ಣದಲ್ಲಿ ಬಿಳಿ ಅಂದರೆ ಸಾಮಾನ್ಯವಾಗಿ ಕಾಗದವೇ. ಬಿಳಿ ಬೇಕಾದ ಜಾಗವನ್ನು ಮುಟ್ಟದೆ ಬಿಟ್ಟು, ಸುತ್ತ ಬಣ್ಣ ಹಾಕಬೇಕು. ನಾನು ತಿಳಿ ಆಕಾಶ ಕೇಳಿದ್ದೆ. ತಿಳಿ ಆಕಾಶದ ಮುಂದೆ ಬಿಳಿ ಹಕ್ಕಿ ಕಾಣುವುದು ಹೇಗೆ? ಅದು ಕಾಣಲೇಬೇಕು ಅಂದರೆ ಸುತ್ತ ಗೆರೆ ಎಳೆಯಬೇಕು. ಗೆರೆ ಬಂದರೆ ನಾನು ಕೇಳಿದ್ದ ಮೃದು ಹೋಯ್ತು. ಅಂಟಿನಂಥ ದ್ರವ ಹಚ್ಚಿ ಬಿಳಿಯನ್ನು ಕಾಪಾಡುವ ಉಪಾಯವೂ ಇದೆ. ಆದರೆ ಅದನ್ನು ಕಿತ್ತಾಗ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಉಳಿಯುತ್ತದೆ.

ಪರಿಹಾರ ಕಥೆಯಲ್ಲೇ ಇತ್ತು. ಬೆಳಗನ್ನು ಬಿಟ್ಟು ಮಳೆಗೆ ಮುಂಚಿನ ಸಂಜೆ ಮಾಡಿದೆ. ಹಿಂದೆ ಬೂದು ನೀಲಿ ಮೋಡ, ಮುಂದೆ ಖಾಲಿ ಕಾಗದದ ಹಕ್ಕಿ.

ಕರುವಿನದ್ದು ಇದಕ್ಕೆ ಉಲ್ಟಾ ಸಮಸ್ಯೆ. ಟ್ಯೂಬಿನ ಕಪ್ಪನ್ನು ಹಾಗೇ ಬಳಿದರೆ ಕರು ಪುಟದಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಆಕೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಕಂದು ಬೆರೆಸಿದಳು. ಒದ್ದೆ ಕಾಗದದ ಮೇಲೆ ಅವು ಪೂರ್ತಿ ಬೆರೆಯದೆ, ಒಂದು ಕಡೆ ನೀಲಿ, ಒಂದು ಕಡೆ ಕಂದು ಅಂತ ಹರಡಿಕೊಂಡವು. ಕರುವಿನ ಹೊಟ್ಟೆ ನೀರಿಗೆ ತಾಗುವಲ್ಲಿ ಅಂಚು ತಾನಾಗಿ ಕರಗಿತು. ಇಂಥದ್ದನ್ನು ಮಾತಿನಲ್ಲಿ ಆಜ್ಞೆ ಮಾಡಲು ಆಗುವುದಿಲ್ಲ. ಎಲ್ಲಿ ಅಂಚು ಬೇಡ ಅಂತ ಮಾತ್ರ ಹೇಳಬಹುದು.

ಆಮೇಲೆ ಆಕಾರ. ಮರಿ ಮರಿಯಂತೆ ಕಾಣಬೇಕಾದರೆ ಮೈಯ ಅಳತೆಗೆ ಹೋಲಿಸಿದರೆ ತಲೆ ದೊಡ್ಡದಾಗಿ ತೋರಬೇಕು, ಕಣ್ಣುಗಳು ಮುಖದಲ್ಲಿ ಕೆಳಗೆ, ದೂರ ದೂರ ಇರಬೇಕು. ಸ್ನೇಹ ತೋರಿಸಲು ನಗು ಬೇಕಿಲ್ಲ. ಒಂದು ಇನ್ನೊಂದರ ಕಡೆ ವಾಲಿದರೆ ಸಾಕು. ಎಮ್ಮೆಗೆ ಹಲ್ಲು ಬಿಡಿಸಿ ನಗಿಸುವ ಚಿತ್ರಗಳು ನನಗಂತೂ ಈಗ ಸ್ವಲ್ಪ ಭಯ ಹುಟ್ಟಿಸುತ್ತವೆ!

ಎರಡನೇ ಸಲ ಬರೆದದ್ದು:

"ಮಳೆಗೆ ಮುಂಚಿನ ಸಂಜೆ. ಆಕಾಶ ಬೂದು ನೀಲಿ, ಬೆಳಕು ಎಡದಿಂದ. ನಮ್ಮ ಕಣ್ಣು ದಡದಲ್ಲಿ ಕೂತ ಮಗುವಿನ ಎತ್ತರದಲ್ಲಿದೆ. ಬಲಪುಟದಲ್ಲಿ ಕರು, ಕೊಡ ಮಗುಚಿಟ್ಟ ಹಾಗೆ ದುಂಡಗೆ. ಹೊಟ್ಟೆ ನೀರಿನೊಳಗೆ ಕರಗಿದೆ. ಬೆನ್ನ ಮೇಲೆ ಬೆಳ್ಳಕ್ಕಿ, ಹಳದಿ ಕೊಕ್ಕು ಬಿಟ್ಟರೆ ಎಲ್ಲ ಕಾಗದದ ಬಿಳಿ. ಕರು ಕತ್ತು ತಿರುಗಿಸಿ ಅದನ್ನೇ ನೋಡುತ್ತಿದೆ, ಒಂದು ಕಿವಿ ಮೇಲೆ, ಒಂದು ಕೆಳಗೆ. ಎಡಪುಟದ ಮೇಲ್ಭಾಗ ಬರೀ ಮೋಡ, ನಾಲ್ಕು ಸಾಲಿಗೆ ಜಾಗ. ಮಡಿಕೆಯಲ್ಲಿ ನೀರು ಮಾತ್ರ."

ಜೊಂಡು ಎಷ್ಟು, ದೂರದಲ್ಲಿ ಯಾವ ಮರ, ಯಾವುದನ್ನೂ ಹೇಳಲಿಲ್ಲ. ಅದು ಆಕೆಯ ಪಾಲು. ಮೊದಲಾಗಿದ್ದರೆ ತಾವರೆ ಎಲೆ ಎಣಿಸಿಯೂ ಬರೆಯುತ್ತಿದ್ದೆ.

ಎರಡನೇ ಸ್ಕೆಚ್‌ನಲ್ಲಿ ನಾನು ಕೇಳದ ಒಂದು ಕಪ್ಪೆ ಇತ್ತು. ಎಡಪುಟದ ಮೂಲೆಯಲ್ಲಿ ಕಣ್ಣೆರಡೇ ನೀರಿನ ಮೇಲೆ, ಕರುವಿನ ಕಡೆಗೆ. ಅದು ಪುಸ್ತಕದಲ್ಲಿ ಉಳಿಯಿತು. ಹೋದದ್ದು ನನ್ನ ಕಥೆಯ ಒಂದು ಸಾಲು: "ಕರುವಿಗೆ ಗಾಬರಿಯೂ ಆಯಿತು, ಖುಷಿಯೂ ಆಯಿತು." ಆ ಎರಡು ಕಿವಿಗಳನ್ನು ನೋಡಿದ ಮೇಲೆ ನಾನೇ ಅದನ್ನು ಹೊಡೆದುಹಾಕಿದೆ.